ಕಾವಲಿಗೆ ಐದು ಸ್ಟಾರ್, ಮಾರಿದವರಿಗೆ ಎರಡು

ಕಳೆದ ಮಳೆಗಾಲದಲ್ಲಿ ನಮ್ಮ ಮನೆಯ ನಾನ್‌ಸ್ಟಿಕ್ ತವಾದ ಕೋಟಿಂಗ್ ಪದರ ಪದರವಾಗಿ ಏಳತೊಡಗಿತು. ಅಮ್ಮ "ಸಾಕು ಕಣೋ ಇದು, ಮೊದಲಿನ ಥರ ಬೀಡಿನ ಕಾವಲಿ ತರಿಸಿಬಿಡು" ಅಂದರು. ನಾನಿರುವುದು ಹಾಸನದಲ್ಲಿ. ಪಾತ್ರೆ ಅಂಗಡಿಗೆ ಹೋಗಿದ್ದರೆ ಅರ್ಧ ಗಂಟೆಯಲ್ಲಿ ಮುಗಿಯುತ್ತಿತ್ತು, ಆದರೆ ಮಳೆ, ಸೋಮಾರಿತನ, ಎರಡೂ ಸೇರಿ ಮೊಬೈಲಿನಲ್ಲೇ ಆರ್ಡರ್ ಮಾಡಿದೆ. 3ನೇ ತಾರೀಕು ದುಡ್ಡು ಕಟ್ಟಿದೆ, 8ಕ್ಕೆ ಬರುತ್ತದೆ ಅಂತ ತೋರಿಸಿತು. ಬಂದದ್ದು 14ಕ್ಕೆ.

ಬಂದ ಪೆಟ್ಟಿಗೆ ನೋಡಿದರೆ ಅಳು ಬರುವಂತಿತ್ತು. ತೆಳ್ಳಗಿನ ಕಂದು ರಟ್ಟು, ಒಂದು ಮೂಲೆ ಹರಿದು ಕಾವಲಿಯ ಹಿಡಿ ಹೊರಗೆ ಇಣುಕುತ್ತಿದೆ, ಒಳಗೆ ಎರಡು ಹಾಳೆ ನ್ಯೂಸ್ ಪೇಪರ್, ಅಷ್ಟೇ. ಬೀಡು ಕಬ್ಬಿಣ ಎಷ್ಟೇ ಭಾರ ಇದ್ದರೂ ಬಿದ್ದರೆ ಬಗ್ಗುವುದಿಲ್ಲ, ಸೀಳುತ್ತದೆ. ಹಾಗಾಗಿ ಮೊದಲು ಹಿಡಿಯ ತೂತಿಗೆ ದಾರ ಕಟ್ಟಿ ಎತ್ತಿ, ಮರದ ಸೌಟಿನಿಂದ ತಟ್ಟಿ ನೋಡಿದೆ. ಸರಿಯಿರುವ ಕಾವಲಿ ಗಂಟೆಯ ಥರ ಸ್ವಲ್ಪ ಹೊತ್ತು ನಾದ ಬಿಡುತ್ತದೆ, ಸೀಳಿದ್ದರೆ 'ದಡ್' ಅಂತ ಸದ್ದು ಸತ್ತುಹೋಗುತ್ತದೆ. ನಮ್ಮದು ನಾದ ಬಿಟ್ಟಿತು. ಅದೃಷ್ಟ.

ಕಾವಲಿಯನ್ನು ಒಲೆಗೆ ಇಡುವ ಮೊದಲೇ ಆ್ಯಪಿನಿಂದ ಮೆಸೇಜ್ ಬಂತು, ಹೇಗಿದೆ ನಿಮ್ಮ ಕಾವಲಿ, ಸ್ಟಾರ್ ಕೊಡಿ ಅಂತ. ಒಂದೂ ದೋಸೆ ಹುಯ್ದಿಲ್ಲ ಇನ್ನೂ! ನಾನು ಸಿಟ್ಟಿನಲ್ಲಿ ನಾಲ್ಕು ಒತ್ತಿದೆ. "ವಸ್ತು ಪರವಾಗಿಲ್ಲ, ಡೆಲಿವರಿ ದರಿದ್ರ" ಅಂತ ಒಂದು ಸಾಲು ಬರೆದೆ. ಸುಮ್ನೆ ಒತ್ತಿದ ನಾಲ್ಕು ಅದು. ಐದು ಕೊಡಲು ಮನಸ್ಸಿಲ್ಲ, ಮೂರು ಕೊಟ್ಟರೆ ಅನ್ಯಾಯ, ಹಾಗಾದರೆ ನಾಲ್ಕು ಇರಲಿ ಅನ್ನುವ ಲೆಕ್ಕ. ನಮ್ಮಲ್ಲಿ ಬಹಳ ಜನ ಹೀಗೇ ಮಾಡುತ್ತೇವೆ, ಅಲ್ವಾ?

ಮೂರು ವಾರ ಆದಮೇಲೆ ಅದನ್ನು ಬದಲಾಯಿಸಿದೆ. ಯಾಕೆ ಅಂತ ಹೇಳುತ್ತೇನೆ.

ಒಂದು, ಕಾವಲಿ ಪಳಗಿತು. ಮೊದಲ ದಿನದ ಎರಡು ದೋಸೆ ಹಿಡಿದುಕೊಂಡವು, ಅದು ಯಾವ ಹೊಸ ಕಾವಲಿಗೂ ಇದ್ದದ್ದೇ. ಅಮ್ಮ ಅರ್ಧ ಈರುಳ್ಳಿಯನ್ನು ಎಣ್ಣೆಗೆ ಅದ್ದಿ ಉಜ್ಜುತ್ತಾ ಹೋದರು, ತೊಳೆದ ಕೂಡಲೇ ಒರೆಸಿ ಒಂದು ತೊಟ್ಟು ಎಣ್ಣೆ ಸವರಿ ಇಟ್ಟರು. ಎರಡನೇ ವಾರಕ್ಕೆ ದೋಸೆ ತಾನಾಗಿಯೇ ಅಂಚು ಬಿಡತೊಡಗಿತು. ಕಾವಲಿಯನ್ನು ಕಲ್ಲಿನ ಕಟ್ಟೆಯ ಮೇಲಿಟ್ಟು ಅಂಚು ಒತ್ತಿದರೆ ಅಲುಗಾಡುವುದಿಲ್ಲ, ದೋಸೆ ನಡುವಲ್ಲಿ ಮಾತ್ರ ಸೀಯುವ ಕಾಟವೂ ಇಲ್ಲ, ಬಿಸಿ ಎಲ್ಲ ಕಡೆ ಹರಡುತ್ತದೆ. ಕಾವಲಿಯಲ್ಲಿ ನನಗೆ ಹೇಳಲು ಒಂದೂ ದೋಷ ಸಿಗಲಿಲ್ಲ. ಹಾಗಿದ್ದ ಮೇಲೆ ನಾನು ಕಳೆದ ಆ ಒಂದು ಸ್ಟಾರ್ ಯಾವುದರದ್ದು?

ಎರಡನೆಯದು ಇನ್ನೂ ಮುಖ್ಯ. ಆ ಪುಟವನ್ನು ಮತ್ತೆ ತೆಗೆದು ನೋಡಿದಾಗ ಬೆಲೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಕಂಡಿತು, ಇದೇ ಕಾವಲಿ ಇನ್ನೂ ಇಬ್ಬರ ಹತ್ತಿರ ಇದೆ ಅಂತ. ಅಂದರೆ ಪುಟ ಒಂದು, ಮಾರುವವರು ಮೂವರು. ಸ್ಟಾರ್ ಮಾತ್ರ ಮೂವರಿಗೂ ಸೇರಿ ಒಂದೇ ಕಡೆ ಬೀಳುತ್ತದೆ. ನಾನು ಕೊಟ್ಟ ನಾಲ್ಕು, ಸರಿಯಾಗಿ ಕಟ್ಟಿ ಕಳಿಸುವ ಇನ್ನಿಬ್ಬರ ತಲೆಗೂ ಬಿತ್ತು, ಕಾವಲಿ ಎರಕ ಹೊಯ್ದವರ ತಲೆಗೂ ಬಿತ್ತು. ಮಾರಿದವರಿಗೆ ಬೇರೆಯದೇ ಸ್ಟಾರ್ ಇದೆ, ಆದರೆ ಅದಕ್ಕೆ ನನ್ನ ಆರ್ಡರ್‌ಗಳ ಪಟ್ಟಿಗೆ ಹೋಗಿ, ಆ ಆರ್ಡರ್ ತೆರೆದು, ಕೆಳಗೆ ಜಾರಿಸಿ ಹುಡುಕಬೇಕು. ಅದನ್ನು ಕೇಳಿ ಯಾವ ಮೆಸೇಜೂ ಬಂದಿರಲಿಲ್ಲ. ಅದಕ್ಕೆ ಗಡುವೂ ಇರುತ್ತದೆ, ಕೆಲವು ತಿಂಗಳು ಬಿಟ್ಟರೆ ಆ ಬಾಗಿಲು ಮುಚ್ಚುತ್ತದೆ. ಹಾಗಾಗಿ ಕಾವಲಿಯ ಸ್ಟಾರ್ ನಿಧಾನಕ್ಕೆ ಕೊಟ್ಟರೂ ನಡೆಯುತ್ತದೆ, ಮಾರಿದವರದ್ದನ್ನು ಬೇಗ ಕೊಡಬೇಕು. ನಾನು ತಲೆಕೆಳಗಾಗಿ ಮಾಡಿದ್ದೆ.

ಸರಿ, ಮಾರಿದವರಿಗೆ ಎಷ್ಟು ಕೊಡುವುದು? ಇಲ್ಲಿ ನನ್ನ ಸಿಟ್ಟನ್ನು ಸ್ವಲ್ಪ ಸೋಸಬೇಕಾಯಿತು. ಆರು ದಿನ ತಡ ಆಯಿತು ನಿಜ, ಆದರೆ ಪೂರ್ತಿ ಆರು ದಿನವೂ ಅವರದ್ದೇನಾ? ಟ್ರ್ಯಾಕಿಂಗ್ ಪುಟ ತೆಗೆದು ಒಂದು ಚೀಟಿಯ ಮೇಲೆ ತಾರೀಕು ಬರೆದುಕೊಂಡೆ. 4ನೇ ತಾರೀಕು `Label created` ಅಂತ ಇತ್ತು. ಇದು ಬಹಳ ಜನರಿಗೆ ಮೋಸ ಮಾಡುವ ಸಾಲು. ನೋಡಿದರೆ ವಸ್ತು ಹೊರಟೇಬಿಟ್ಟಿದೆ ಅನಿಸುತ್ತದೆ. ನಿಜಕ್ಕೂ ವಿಳಾಸದ ಚೀಟಿ ತಯಾರಾಗಿದೆ ಅಂತಷ್ಟೇ ಅದರ ಅರ್ಥ, ಪೆಟ್ಟಿಗೆ ಇನ್ನೂ ಮಾರುವವರ ಗೋಡೌನಿನಲ್ಲೇ ಕೂತಿರಬಹುದು. ಕೊರಿಯರ್‌ನವರ ಕೈಗೆ ಬಂದದ್ದು `Picked up` ಅಂತ ಬಿದ್ದ ದಿನ, ಅದು 9. 11ಕ್ಕೆ ಹಾಸನ ತಲುಪಿದೆ. 12ಕ್ಕೆ `Out for delivery`, ಅದೇ ಸಂಜೆ `Customer not available`. ಅವತ್ತು ಭಾನುವಾರ, ನಾನು, ಅಮ್ಮ, ಪಕ್ಕದ ಮನೆಯ ಅಜ್ಜಿ ಮೂವರೂ ಜಗಲಿಯಲ್ಲೇ ಕೂತಿದ್ದೆವು. ಯಾರೂ ಬರಲಿಲ್ಲ, ಫೋನೂ ಇಲ್ಲ.

ಈಗ ಲೆಕ್ಕ ಹಾಕಿ. ಹೊರಟ ಮೇಲೆ ನಮ್ಮೂರಿನ ಬೀದಿಗೆ ಬರಲು ಮೂರು ದಿನ ಹಿಡಿದಿದೆ. 5ಕ್ಕೆ ಹೊರಡಿಸಿದ್ದರೆ 8ಕ್ಕೆ ಸರಿಯಾಗಿ ಬರುತ್ತಿತ್ತು. 9ರವರೆಗೆ ಇಟ್ಟುಕೊಂಡ ನಾಲ್ಕು ದಿನ ಮಾರುವವರದ್ದು. 12ರಿಂದ 14ರವರೆಗಿನ ಎರಡು ದಿನ, ಆ ಸುಳ್ಳು ಸಾಲೂ ಸೇರಿ, ಕೊರಿಯರ್‌ನವರದ್ದು. ರಟ್ಟು ಹರಿದದ್ದು ದಾರಿಯಲ್ಲೇ ಇರಬಹುದು, ಆದರೆ ಎರಡು ಹಾಳೆ ಪೇಪರ್ ಸುತ್ತಿ ಕಬ್ಬಿಣ ಕಳಿಸಿದ್ದು ಕೊರಿಯರ್‌ನವರಲ್ಲ. ಹೀಗೆ ಬೇರೆ ಮಾಡಿದ ಮೇಲೆ ಮಾರಿದವರಿಗೆ ಎರಡು ಸ್ಟಾರ್ ಕೊಟ್ಟೆ. "ಪೆಟ್ಟಿಗೆ ನಾಲ್ಕು ದಿನ ಅವರಲ್ಲೇ ಇತ್ತು, ಒಳಗೆ ಫೋಮ್ ಇಲ್ಲ, ಎರಡು ಸಲ ಕೇಳಿದರೂ ಉತ್ತರ ಇಲ್ಲ" ಅಂತ ಬರೆದೆ. ಒಂದು ಕೊಡಲಿಲ್ಲ, ಯಾಕೆಂದರೆ ವಸ್ತು ಅಸಲಿ, ಬಿಲ್ ಕೂಡ ಸರಿ ಇತ್ತು. ಸಾಗಣೆಯನ್ನು ಆ್ಯಪಿನವರೇ ವಹಿಸಿಕೊಂಡಿರುವ ಆರ್ಡರ್‌ಗಳೂ ಇರುತ್ತವೆ, ಅವರದ್ದೇ ಗೋಡೌನ್, ಅವರದ್ದೇ ಕೊರಿಯರ್. ಅಂಥದ್ದರಲ್ಲಿ ತಡಕ್ಕೆ ಮಾರುವವರ ಸ್ಟಾರ್ ಕಳೆದರೆ ಪಾಪ ಅವರಿಗೇನೂ ಗೊತ್ತೇ ಇರುವುದಿಲ್ಲ. ಆರ್ಡರ್ ಪುಟದಲ್ಲಿ ಯಾರು ಕಳಿಸುತ್ತಾರೆ ಅಂತ ಬರೆದಿರುತ್ತದೆ, ಅದೊಂದನ್ನು ನೋಡಿಕೊಳ್ಳಬೇಕು.

ಸುಳ್ಳು ಡೆಲಿವರಿ ಸಾಲಿನ ವಿಷಯಕ್ಕೆ ಸ್ಟಾರ್ ಅಲ್ಲವೇ ಅಲ್ಲ, ದೂರು. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಇಂಥ ಆ್ಯಪುಗಳಿಗೆ ದೂರು ನೋಡುವ ಅಧಿಕಾರಿ ಇರಲೇಬೇಕು, 48 ಗಂಟೆಯೊಳಗೆ ದೂರು ಸಿಕ್ಕಿದೆ ಅಂತ ಹೇಳಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಅಲ್ಲೂ ಆಗದಿದ್ದರೆ ಗ್ರಾಹಕ ಸಹಾಯವಾಣಿ 1915. ನಾನು ಒಂದು ಇಮೇಲ್ ಹಾಕಿದೆ, ಕ್ಷಮೆ ಕೇಳಿದರು, ಮುಗಿಯಿತು.

ಇನ್ನು ಕಾವಲಿಯ ನಾಲ್ಕೋ ಐದೋ ಅನ್ನುವುದಕ್ಕೆ ಬರೋಣ. ಬದಲಾಯಿಸುವ ಮೊದಲು ಒಂದು ಕುತೂಹಲಕ್ಕೆ ಲೆಕ್ಕ ಮಾಡಿದೆ. ನನಗಿಂತ ಮುಂಚೆ 12 ಜನ ಸ್ಟಾರ್ ಕೊಟ್ಟಿದ್ದರು. ಒಂಬತ್ತು ಜನ ಐದು, ಇಬ್ಬರು ನಾಲ್ಕು, ಒಬ್ಬರು ಒಂದು. ಒಟ್ಟು 54, ಸರಾಸರಿ 4.5. ನಾನು ಐದು ಕೊಟ್ಟರೆ 59ನ್ನು 13ರಿಂದ ಭಾಗಿಸಬೇಕು, 4.54. ನಾಲ್ಕು ಕೊಟ್ಟರೆ 58, ಅಂದರೆ 4.46. ಪರದೆಯ ಮೇಲೆ ಒಂದೇ ದಶಾಂಶ ತೋರಿಸುತ್ತಾರಲ್ಲ, ಎರಡೂ 4.5! ಕೆಲವು ಆ್ಯಪುಗಳು ಹೀಗೆ ನೇರ ಸರಾಸರಿಯನ್ನೂ ತೆಗೆಯುವುದಿಲ್ಲ, ಹೊಸ ರಿವ್ಯೂಗೆ, ನಿಜವಾಗಿ ಕೊಂಡವರ ರಿವ್ಯೂಗೆ ಜಾಸ್ತಿ ತೂಕ ಕೊಡುತ್ತವೆ. ಅಂತೂ ನಾನು ಅಷ್ಟು ತಲೆ ಕೆಡಿಸಿಕೊಂಡ ಒಂದು ಸ್ಟಾರ್ ಅಲ್ಲಿ ಏನನ್ನೂ ಅಲುಗಾಡಿಸುತ್ತಿರಲಿಲ್ಲ. ಅಲುಗಾಡಿಸುವುದು ಬರಹ. ಆ ಒಂದು ಸ್ಟಾರ್ ಕೊಟ್ಟವರ ರಿವ್ಯೂ ಓದಿದೆ, "ಸೀಳಿ ಬಂತು" ಅಂತ ಎರಡೇ ಪದ. ಯಾರಿಂದ ತರಿಸಿದರು, ಹೇಗೆ ಕಟ್ಟಿದ್ದರು, ಏನೂ ಇಲ್ಲ. ನಾನು ಆರ್ಡರ್ ಮಾಡುವಾಗ ಇದನ್ನು ಓದಿ ಕಾವಲಿಯೇ ಕಳಪೆ ಇರಬಹುದು ಅಂದುಕೊಂಡು ಹಿಂದೆಮುಂದೆ ನೋಡಿದ್ದೆ.

ಅದಕ್ಕೇ ಐದು ಮಾಡಿ, ದೋಸೆಯ ವಿಷಯ ಮೊದಲು ಬರೆದು, ಕೊನೆಗೆ "ಕಡಿಮೆ ಬೆಲೆ ತೋರಿಸುವವರಿಂದ ತರಿಸಿದ್ದೆ, ಕಟ್ಟು ಸರಿಯಿಲ್ಲ, ಬಂದ ಕೂಡಲೇ ತಟ್ಟಿ ನೋಡಿ" ಅಂತ ಸೇರಿಸಿದೆ. ಮೊದಲ ಸಲ ಸೇರಿಸಿದ್ದು ಪ್ರಕಟ ಆಗಲಿಲ್ಲ. ಡೆಲಿವರಿ, ಮಾರುವವರು ಇವರ ಬಗ್ಗೆ ವಸ್ತುವಿನ ರಿವ್ಯೂನಲ್ಲಿ ಬರೆಯಬೇಡಿ ಅನ್ನುವ ನಿಯಮ ಆ ಆ್ಯಪಿನಲ್ಲಿದೆ. ಬೆಲೆ, ಮಾರುವವರ ಮಾತು ತೆಗೆದು "ಬೀಡು ಕಬ್ಬಿಣ ಪೆಟ್ಟಿಗೆ ಸರಿಯಿಲ್ಲದಿದ್ದರೆ ಸೀಳಬಹುದು, ತಟ್ಟಿ ಸದ್ದು ಕೇಳಿ" ಅಂತ ಬರೆದ ಮೇಲೆ ಹೋಯಿತು.

ಅಂದಹಾಗೆ ಪೆಟ್ಟಿಗೆಯಲ್ಲಿ ಒಂದು ಬಣ್ಣದ ಕಾರ್ಡ್ ಕೂಡ ಇತ್ತು, ಐದು ಸ್ಟಾರ್ ಕೊಟ್ಟು ಸ್ಕ್ರೀನ್‌ಶಾಟ್ ಕಳಿಸಿದರೆ ನೂರು ರೂಪಾಯಿ ವಾಪಸ್ ಅಂತ. ಫೋಮ್ ಹಾಕಲು ದುಡ್ಡಿಲ್ಲ, ಕಾರ್ಡಿಗೆ ಇದೆ! ಆ ಕಾರ್ಡ್ ನೋಡಿದಾಗ ಐದು ಕೊಡಲೇ ಬಾರದು ಅನಿಸಿತ್ತು. ಸ್ಕ್ರೀನ್‌ಶಾಟ್ ಕಳಿಸಲಿಲ್ಲ, ಮಾರಿದವರ ರಿವ್ಯೂನಲ್ಲಿ ಅದನ್ನೂ ಬರೆದೆ.

ಹೀಗೆ ಬೇರೆ ಮಾಡಲು ಆಗದ ಕಡೆಯೂ ಇದೆ. ಮಲೆನಾಡಿನ ಒಬ್ಬರು ತಾವೇ ಮಾಡಿ, ತಾವೇ ತುಂಬಿ, ತಮ್ಮ ಸೈಟಿನಲ್ಲೇ ಮಾರುವ ಜೋನಿ ಬೆಲ್ಲ ತರಿಸಿದ್ದೆ. ರುಚಿಗೆ ಎರಡು ಮಾತಿಲ್ಲ, ಆದರೆ ಮುಚ್ಚಳ ಸಡಿಲಾಗಿ ಕಾಲು ಬಾಟಲಿ ರಟ್ಟಿಗೇ ಕುಡಿಸಿದ್ದರು. ಅಲ್ಲಿ ಒಂದೇ ಸ್ಟಾರ್ ಸಾಲು, ಒಬ್ಬರೇ ಮಾರುವವರು. ಮುಂದೆ ತರಿಸುವವರಿಗೂ ಅದೇ ಕೈ, ಅದೇ ಮುಚ್ಚಳ. ಅಲ್ಲಿ ನಾಲ್ಕು ಕೊಟ್ಟೆ, ಈಗಲೂ ಅದು ನಾಲ್ಕೇ. ಅವರು ಫೋನ್ ಮಾಡಿ "ಸರ್, ಇನ್ನೊಂದು ಬಾಟಲಿ ಕಳಿಸ್ತೀವಿ, ಐದು ಮಾಡ್ತೀರಾ" ಅಂದರು. ಬಾಟಲಿ ಕಳಿಸಿ, ಅದು ಸೋರದೆ ಬಂದರೆ ಅದನ್ನೂ ಬರೆಯುತ್ತೇನೆ ಅಂದೆ. ಸೋರದೆ ಬಂತು, ಬರೆದೆ. ಸ್ಟಾರ್ ಮುಟ್ಟಲಿಲ್ಲ, ಮೊದಲ ಬಾಟಲಿಯೂ ನಡೆದದ್ದೇ ತಾನೆ.

ಕಳೆದ ತಿಂಗಳು ಅಮ್ಮ ಅಕ್ಕನ ಮನೆಗೂ ಅದೇ ಕಾವಲಿ ಬೇಕು ಅಂದರು. ಈ ಸಲ ಅದೇ ಪುಟದಲ್ಲಿ ಎರಡನೇ ಮಾರಾಟಗಾರರನ್ನು ಆರಿಸಿದೆ, 90 ರೂಪಾಯಿ ಜಾಸ್ತಿ. ನಾಲ್ಕನೇ ದಿನ ಬಂತು. ಹೊರಗೆ ದಪ್ಪ ರಟ್ಟು, ಅದರೊಳಗೆ ಕಾವಲಿ ಮಾಡುವವರದ್ದೇ ಅಚ್ಚಾದ ಪೆಟ್ಟಿಗೆ, ನಾಲ್ಕು ಮೂಲೆಗೂ ಥರ್ಮಾಕೋಲ್, ಪಳಗಿಸುವುದು ಹೇಗೆ ಅನ್ನುವ ಚೀಟಿ. ಅಂದರೆ ಮಾಡುವವರು ಸರಿಯಾಗಿಯೇ ಕಟ್ಟಿ ಕೊಡುತ್ತಾರೆ. ನಮ್ಮ ಕಾವಲಿಯ ಆ ಪೆಟ್ಟಿಗೆ ಎಲ್ಲಿ ಹೋಯಿತು? ಯಾರೋ ವಾಪಸ್ ಮಾಡಿದ್ದನ್ನು ನನಗೆ ಕಳಿಸಿದ್ದರೇನೋ ಅನ್ನುವ ಅನುಮಾನ ಆವಾಗ ಬಂತು. ಮಾರಿದವರ ರಿವ್ಯೂಗೆ ಅದನ್ನೂ ಸೇರಿಸೋಣ ಅಂತ ಹೋದರೆ ಗಡುವು ಮುಗಿದಿತ್ತು.