ಮೊಳೆಗೆ ತುಕ್ಕು ಹಿಡಿಯಲು ಏನು ಕಾರಣ? ವಿಜ್ಞಾನ ವರದಿಯಲ್ಲಿ ಸರಿಯಾದ ಕ್ರಿಯಾಪದ ಹಾಕುವುದು ಹೇಗೆ

ಹತ್ತನೇ ತರಗತಿಯ ಪ್ರಯೋಗ ಪುಸ್ತಕಗಳನ್ನು ತಿದ್ದುವಾಗ ಒಂದು ವಾಕ್ಯ ಮತ್ತೆ ಮತ್ತೆ ಎದುರಾಗುತ್ತದೆ: ‘ನೀರಿನಿಂದ ಮೊಳೆಗೆ ತುಕ್ಕು ಹಿಡಿಯಲು ಕಾರಣವಾಗುತ್ತದೆ.’ ಪ್ರಯೋಗವನ್ನು ಮಗು ಅಚ್ಚುಕಟ್ಟಾಗಿ ಮಾಡಿರುತ್ತದೆ, ಚಿತ್ರವೂ ಚೆನ್ನಾಗಿರುತ್ತದೆ. ಆದರೆ ಈ ಒಂದು ಸಾಲಿನಲ್ಲಿ ಎರಡು ತಪ್ಪಿವೆ. ಒಂದು ವ್ಯಾಕರಣದ್ದು, ಇನ್ನೊಂದು ವಿಜ್ಞಾನದ್ದು. ಎರಡಕ್ಕೂ ಮೂಲ ಕ್ರಿಯಾಪದವೇ. ಆದ್ದರಿಂದ ಇದೇ ತುಕ್ಕಿನ ಪ್ರಯೋಗವನ್ನು ಇಟ್ಟುಕೊಂಡು ವರದಿ ಬರೆಯೋಣ.

ಮೊದಲು ಪ್ರಯೋಗ

ಮೂರು ಪ್ರನಾಳ, ಮೂರು ಕಬ್ಬಿಣದ ಮೊಳೆ. ‘ಎ’ಯಲ್ಲಿ ಸ್ವಲ್ಪ ನೀರು, ಮೇಲೆ ಗಾಳಿ. ‘ಬಿ’ಯಲ್ಲಿ ಕರಗಿದ ಗಾಳಿ ಹೋಗುವಂತೆ ಕುದಿಸಿದ ನೀರು, ಗಾಳಿ ಮತ್ತೆ ಸೇರದಂತೆ ಅದರ ಮೇಲೆ ಎಣ್ಣೆಯ ಪದರ. ‘ಸಿ’ಯಲ್ಲಿ ನೀರಿಲ್ಲ, ತೇವ ಹೀರಲು ಒಣ ಕ್ಯಾಲ್ಸಿಯಂ ಕ್ಲೋರೈಡ್. ಮೂರಕ್ಕೂ ಬಿರಡೆ ಹಾಕಿ ಕೆಲವು ದಿನ ಬಿಡಿ.

ಮೊಳೆ ಕೊಳ್ಳುವಾಗ ಒಂದು ಎಚ್ಚರ ಬೇಕು. ಅಂಗಡಿಯಲ್ಲಿ ಸಿಗುವ ಎಷ್ಟೋ ಮೊಳೆಗಳಿಗೆ ಸತುವಿನ ಲೇಪ ಇರುತ್ತದೆ. ಅವು ‘ಎ’ಯಲ್ಲೂ ಬೇಗ ತುಕ್ಕು ಹಿಡಿಯುವುದಿಲ್ಲ, ಮಗು ಸುಮ್ನೆ ಕಂಗಾಲಾಗುತ್ತದೆ. ಲೇಪವಿಲ್ಲದ ಮೊಳೆ ಕೇಳಿ ತನ್ನಿ, ಮರಳು ಕಾಗದದಿಂದ ಚೆನ್ನಾಗಿ ಉಜ್ಜಿ. ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬಿ ತೆರೆದಾಗ ಪುಡಿ ಗಟ್ಟಿಯಾಗಿ ಅಂಟಿಕೊಂಡಿದ್ದರೆ ಅದು ಆಗಲೇ ತೇವ ಕುಡಿದಿದೆ ಅಂತ ಅರ್ಥ. ಅದನ್ನು ಬಳಸಬೇಡಿ.

ಕಂಡಿದ್ದನ್ನು ಬರೆಯಿರಿ

‘ಎ ಪ್ರನಾಳದ ಮೊಳೆಗೆ ತುಕ್ಕು ಹಿಡಿಯಿತು. ಬಿ ಮತ್ತು ಸಿ ಮೊಳೆಗಳಿಗೆ ಹಿಡಿಯಲಿಲ್ಲ.’ ಅಷ್ಟೇ. ಇಲ್ಲಿ ಕಾರಣದ ಮಾತೇ ಬೇಡ.

ಕಾರಣ ಬರೆಯುವ ಸಾಲು

ಎಲ್ಲರೂ ಎಡವುವುದು ಇಲ್ಲೇ. ‘ಕಾರಣವಾಗುತ್ತದೆ’ ಎಂದು ಬರೆಯುವ ಮೊದಲು ಎರಡು ಪ್ರನಾಳಗಳನ್ನು ಅಕ್ಕಪಕ್ಕ ಹಿಡಿದು ನೋಡಿ. ‘ನೀರು ತುಕ್ಕಿಗೆ ಕಾರಣ’ ಅಂತ ಬರೆದಿರಾ? ‘ಬಿ’ಯಲ್ಲೂ ನೀರಿದೆ, ಮೊಳೆ ಅದರಲ್ಲೇ ಮುಳುಗಿದೆ, ಆದರೂ ತುಕ್ಕಿಲ್ಲ. ನಿಮ್ಮ ವಾಕ್ಯವನ್ನು ನಿಮ್ಮದೇ ಪ್ರನಾಳ ಸುಳ್ಳು ಮಾಡುತ್ತಿದೆ! ಸರಿ, ಹಾಗಾದರೆ ‘ಗಾಳಿ ಕಾರಣ’ ಅನ್ನೋಣವೇ? ‘ಸಿ’ಯಲ್ಲಿ ಗಾಳಿ ಇದೆ, ತುಕ್ಕಿಲ್ಲ. ‘ಎ’ಗೂ ‘ಬಿ’ಗೂ ಇರುವ ವ್ಯತ್ಯಾಸ ಗಾಳಿ. ‘ಎ’ಗೂ ‘ಸಿ’ಗೂ ಇರುವ ವ್ಯತ್ಯಾಸ ನೀರು. ಎರಡರಲ್ಲಿ ಯಾವುದನ್ನು ತೆಗೆದರೂ ತುಕ್ಕು ಬರುವುದಿಲ್ಲ. ಆದ್ದರಿಂದ ಈ ಪ್ರಯೋಗದಿಂದ ಹೇಳಬಹುದಾದದ್ದು ಇಷ್ಟೇ: ‘ಗಾಳಿ ಮತ್ತು ನೀರು ಎರಡೂ ಸೇರಿದಾಗ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ.’

ಈಗ ವ್ಯಾಕರಣಕ್ಕೆ ಬರೋಣ. ‘ಕಾರಣವಾಗು’ ಎಂಬ ಕ್ರಿಯಾಪದಕ್ಕೆ ಕರ್ತೃ ಬೇಕು, ಅದು ಪ್ರಥಮಾ ವಿಭಕ್ತಿಯಲ್ಲೇ ಇರಬೇಕು. ಪರಿಣಾಮಕ್ಕೆ ‘ಗೆ’ ಅಥವಾ ‘ಕ್ಕೆ’ ಹತ್ತಬೇಕು. ‘ತೇವದ ಗಾಳಿ ತುಕ್ಕಿಗೆ ಕಾರಣವಾಗುತ್ತದೆ’ ಸರಿ. ‘ತೇವದ ಗಾಳಿಯಿಂದ ತುಕ್ಕಿಗೆ ಕಾರಣವಾಗುತ್ತದೆ’ ತಪ್ಪು. ‘ಇಂದ’ ಹಾಕಿದ ತಕ್ಷಣ ಕರ್ತೃ ಮಾಯ. ‘ಇಂದ’ ಬೇಕೇ ಬೇಕು ಅನಿಸಿದರೆ ಕ್ರಿಯಾಪದವನ್ನು ಬದಲಿಸಿ: ‘ತೇವದ ಗಾಳಿಯಿಂದ ತುಕ್ಕು ಉಂಟಾಗುತ್ತದೆ.’

‘ಉಂಟಾಗು’ ಮತ್ತು ‘ಉಂಟುಮಾಡು’ ಕೂಡ ಹೀಗೇ ಅದಲುಬದಲಾಗುತ್ತವೆ. ಉಂಟಾಗುವುದು ಪರಿಣಾಮ, ಉಂಟುಮಾಡುವುದು ಕಾರಣ. ‘ತೇವದ ಗಾಳಿ ತುಕ್ಕನ್ನು ಉಂಟುಮಾಡುತ್ತದೆ’ ಅನ್ನಬಹುದು. ‘ತುಕ್ಕು ಉಂಟುಮಾಡುತ್ತದೆ’ ಎಂದು ನಿಲ್ಲಿಸಿದರೆ ಏನನ್ನು ಎಂಬ ಪ್ರಶ್ನೆ ಉಳಿಯುತ್ತದೆ. ನನ್ನನ್ನು ಕೇಳಿದರೆ ಇವೆರಡಕ್ಕಿಂತ ‘ತುಕ್ಕು ಹಿಡಿಯುತ್ತದೆ’ ಅನ್ನುವುದೇ ಒಳ್ಳೆಯದು. ಮನೆಯಲ್ಲಿ ಆಡುವ ಮಾತು ವರದಿಗೆ ಕಡಿಮೆ ಅಂತ ಯಾರು ಹೇಳಿದ್ದು?

‘ಪರಿಣಾಮ ಬೀರುತ್ತದೆ’ ಎಂಬುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ‘ನೀರು ಕಬ್ಬಿಣದ ಮೇಲೆ ಪರಿಣಾಮ ಬೀರುತ್ತದೆ’ ಅಂದರೆ ಒಳ್ಳೆಯದೋ ಕೆಟ್ಟದ್ದೋ, ಏನಾಯಿತೋ ಗೊತ್ತಾಗುವುದಿಲ್ಲ. ಗೈಡುಗಳಲ್ಲಿ ಈ ಪದ ಜಾಸ್ತಿ. ಅವುಗಳಿಂದ ನಕಲು ಮಾಡಿದ ತೀರ್ಮಾನ ಓದಿದ ಕೂಡಲೇ ತಿಳಿದುಬಿಡುತ್ತದೆ.

ಉಪ್ಪಿನ ಪ್ರಶ್ನೆ

ಚುರುಕು ಮಕ್ಕಳು ನಾಲ್ಕನೇ ಪ್ರನಾಳ ಇಡುತ್ತಾರೆ. ಅದರಲ್ಲಿ ಗಾಳಿ, ನೀರು, ಒಂದು ಚಮಚ ಉಪ್ಪು. ಅಲ್ಲಿ ತುಕ್ಕು ಬೇಗ ಬರುತ್ತದೆ. ತಕ್ಷಣ ‘ಉಪ್ಪು ತುಕ್ಕಿಗೆ ಕಾರಣ’ ಎಂದು ಬರೆಯುತ್ತಾರೆ. ಇಲ್ಲ. ಉಪ್ಪಿಲ್ಲದ ‘ಎ’ಯಲ್ಲೂ ತುಕ್ಕು ಬಂದಿದೆ ಅಲ್ವಾ? ಉಪ್ಪು ನೀರಿನಲ್ಲಿ ಕರಗಿ ವಿದ್ಯುತ್ ಸುಲಭವಾಗಿ ಹರಿಯುವಂತೆ ಮಾಡುತ್ತದೆ, ಅದರಿಂದ ಕ್ರಿಯೆಯ ವೇಗ ಹೆಚ್ಚುತ್ತದೆ. ಹಾಗಾಗಿ ಬರೆಯಬೇಕಾದದ್ದು ‘ಉಪ್ಪು ತುಕ್ಕು ಹಿಡಿಯುವ ವೇಗವನ್ನು ಹೆಚ್ಚಿಸುತ್ತದೆ.’

ಟ್ರಿಗರ್ ಎಲ್ಲಿ, ಲೀಡ್ ಟು ಎಲ್ಲಿ

ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ ಮೂರು ಪದ ಒಂದೇ ಥರ ಕಾಣುತ್ತವೆ: ಟ್ರಿಗರ್, ಲೀಡ್ ಟು, ರಿಸಲ್ಟ್ ಇನ್. ಅವು ಒಂದೇ ಅಲ್ಲ.

ಟ್ರಿಗರ್ ಅಂದರೆ ಪ್ರಚೋದಿಸು. ಮುಟ್ಟಿದರೆ ಮುನಿ ಗಿಡವನ್ನು ನೆನೆಯಿರಿ. ಬೆರಳು ಎಲೆಯನ್ನು ತಳ್ಳಿ ಮಡಚುವುದಿಲ್ಲ, ಮೆಲ್ಲಗೆ ಸೋಕುತ್ತದೆ ಅಷ್ಟೇ. ಆ ಸಂದೇಶ ಎಲೆಯ ಬುಡದ ಉಬ್ಬಿಗೆ ಹೋಗುತ್ತದೆ, ಅಲ್ಲಿನ ಒಂದು ಕಡೆಯ ಕೋಶಗಳಿಂದ ನೀರು ಹೊರಬರುತ್ತದೆ, ಒತ್ತಡ ಇಳಿದು ಎಲೆ ಮಡಚಿಕೊಳ್ಳುತ್ತದೆ. ನೀವು ಬೆರಳು ತೆಗೆದ ಮೇಲೂ ಪಕ್ಕದ ಎಲೆಗಳು ಒಂದೊಂದಾಗಿ ಮುಚ್ಚುತ್ತಾ ಹೋಗುತ್ತವೆ. ಶಕ್ತಿ ಗಿಡದಲ್ಲೇ ಇತ್ತು, ಬೆರಳು ಅದಕ್ಕೆ ಚಾಲನೆ ಕೊಟ್ಟಿತು. ಅಲ್ಲಿ ‘ಸ್ಪರ್ಶ ಎಲೆ ಮುಚ್ಚುವುದನ್ನು ಪ್ರಚೋದಿಸುತ್ತದೆ’ ಅನ್ನುವುದು ಸರಿ. ಮೊಳೆಯ ವರದಿಯಲ್ಲಿ ಈ ಪದಕ್ಕೆ ಜಾಗವಿಲ್ಲ. ನೀರು ಒಮ್ಮೆ ಸೋಕಿ ಹೋದರೆ ಸಾಲದು, ಉದ್ದಕ್ಕೂ ಅಲ್ಲೇ ಇರಬೇಕು.

ನಡುವೆ ಮೆಟ್ಟಿಲುಗಳಿದ್ದಾಗ ಲೀಡ್ ಟು. ಕನ್ನಡದಲ್ಲಿ ಎಡೆಮಾಡಿಕೊಡು, ದಾರಿ ಮಾಡಿಕೊಡು. ತುಕ್ಕಿನ ಪದರ ಉದುರುತ್ತದೆ, ಒಳಗಿನ ಹೊಸ ಕಬ್ಬಿಣ ಗಾಳಿಗೆ ತೆರೆದುಕೊಳ್ಳುತ್ತದೆ, ಇದು ಮತ್ತಷ್ಟು ತುಕ್ಕಿಗೆ ಎಡೆಮಾಡಿಕೊಡುತ್ತದೆ. ಆ ನಡುವಿನ ಮೆಟ್ಟಿಲನ್ನು ನೀವು ಬರೆಯದಿದ್ದರೆ ಈ ಪದವನ್ನೂ ಬರೆಯಬೇಡಿ. ಇದರ ಭೂತಕಾಲ ‘ಲೆಡ್’. ಬರೆಯುವಾಗ ಎಲ್, ಇ, ಡಿ ಮೂರೇ ಅಕ್ಷರ. ನಡುವೆ ‘ಎ’ ಸೇರಿಸಿದರೆ ಅದು ಸೀಸ ಎಂಬ ಲೋಹದ ಹೆಸರಾಗುತ್ತದೆ.

ಕೊನೆಯ ಫಲವನ್ನು ಹೇಳಲು ರಿಸಲ್ಟ್ ಇನ್. ಇದರ ಮುಂದೆ ಪರಿಣಾಮ ಬರುತ್ತದೆ. ‘ರಿಸಲ್ಟ್ ಫ್ರಮ್’ ಅಂದರೆ ದಿಕ್ಕು ತಿರುಗಿ, ಮುಂದೆ ಕಾರಣ ಬರುತ್ತದೆ. ಇವೆರಡು ಅದಲುಬದಲಾದರೆ ತುಕ್ಕೇ ನೀರನ್ನು ತಂದ ಹಾಗೆ ಆಗುತ್ತದೆ.

ತಿದ್ದಿದ ತೀರ್ಮಾನ

‘ಎ ಪ್ರನಾಳದಲ್ಲಿ ಗಾಳಿ ಮತ್ತು ನೀರು ಎರಡೂ ಇದ್ದವು, ಮೊಳೆಗೆ ತುಕ್ಕು ಹಿಡಿಯಿತು. ಬಿಯಲ್ಲಿ ಗಾಳಿ ಇರಲಿಲ್ಲ, ಸಿಯಲ್ಲಿ ನೀರು ಇರಲಿಲ್ಲ, ತುಕ್ಕು ಹಿಡಿಯಲಿಲ್ಲ. ಆದ್ದರಿಂದ ಕಬ್ಬಿಣಕ್ಕೆ ತುಕ್ಕು ಹಿಡಿಯಲು ಗಾಳಿ ಮತ್ತು ನೀರು ಎರಡೂ ಬೇಕು.’

ಕಾಲವನ್ನು ಗಮನಿಸಿ. ನೀವು ಕಂಡದ್ದು ‘ಹಿಡಿಯಿತು’, ಎಲ್ಲ ಕಬ್ಬಿಣಕ್ಕೂ ಅನ್ವಯಿಸುವುದು ‘ಬೇಕು’. ಒಂದು ವೇಳೆ ನಿಮ್ಮ ‘ಬಿ’ ಮೊಳೆಗೂ ತುಕ್ಕು ಬಂದಿದ್ದರೆ ಅದನ್ನು ಮುಚ್ಚಿಡದೆ ಬರೆಯಿರಿ. ನೀರನ್ನು ಸಾಕಷ್ಟು ಕುದಿಸಿರಲಿಕ್ಕಿಲ್ಲ, ಅಥವಾ ಆರಿದ ಮೇಲೆ ಎಣ್ಣೆ ಹಾಕಿರಬಹುದು, ಅಷ್ಟರಲ್ಲಿ ಗಾಳಿ ಮತ್ತೆ ನೀರಿನಲ್ಲಿ ಕರಗಿರುತ್ತದೆ. ಆಗ ‘ಗಾಳಿ ಕರಗಿದ್ದರಿಂದ ತುಕ್ಕು ಬಂತು’ ಎಂದು ಖಚಿತವಾಗಿ ಹೇಳಬೇಡಿ, ‘ಬಂದಿರಬಹುದು’ ಎಂದು ಬರೆಯಿರಿ. ಹೊಸದಾಗಿ ನೀರು ಕುದಿಸಿ, ಬಿಸಿ ಇರುವಾಗಲೇ ಎಣ್ಣೆ ಹಾಕಿ ಇನ್ನೊಂದು ಪ್ರನಾಳ ಇಟ್ಟು ನೋಡಿ.