ಲಾಕ್ ಆದ ಖಾತೆ ಮತ್ತು ಹೆಲ್ಪ್‌ಡೆಸ್ಕ್‌ಗೆ ನಾನು ಬರೆದ ಪತ್ರ

ಗ್ರಾಹಕರಿಗೆ ದರಪಟ್ಟಿಯ ಅಂತಿಮ ಕಡತವನ್ನು ಸಂಜೆ 4 ಗಂಟೆಯೊಳಗೆ ಕಳುಹಿಸಬೇಕಿದ್ದ ದಿನ, ಮಧ್ಯಾಹ್ನ ಕಂಪನಿಯ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ ಲಾಗಿನ್ ಮಾಡಲು ಹೋದಾಗ ಪರದೆಯ ಮೇಲೆ ಈ ಸಂದೇಶ ಕಾಣಿಸಿತು:

```
The referenced account is currently locked out and may not be logged on to.
```

ಪಾಸ್‌ವರ್ಡ್ ತಪ್ಪಾಗಿದ್ದರೆ, ಅದರ ಅವಧಿ ಮುಗಿದಿದ್ದರೆ ಅಥವಾ ಖಾತೆಯನ್ನೇ ನಿಷ್ಕ್ರಿಯಗೊಳಿಸಿದ್ದರೆ ಬರುವ ಸಂದೇಶಗಳು ಬೇರೆ. ಒಂದೊಂದಕ್ಕೂ ಪರಿಹಾರವೂ ಬೇರೆಯಾದ್ದರಿಂದ, 'ಲಾಗಿನ್ ಆಗುತ್ತಿಲ್ಲ' ಎಂದಷ್ಟೇ ಬರೆದರೆ ಹೆಲ್ಪ್‌ಡೆಸ್ಕ್‌ನವರು ಮೊದಲು ಅದನ್ನೇ ವಿಚಾರಿಸಬೇಕಾಗುತ್ತದೆ. ನಾನು ಮತ್ತೆ ಪ್ರಯತ್ನಿಸದೆ, ಸಂದೇಶದ ಫೋಟೊ ತೆಗೆದು, ಸಮಯವನ್ನು ಗುರುತು ಹಾಕಿಕೊಂಡೆ.

ನನ್ನ ಮೇಲ್ ಕೂಡ ಅದೇ ಖಾತೆಗೆ ಸೇರಿದ್ದರಿಂದ ಪತ್ರವನ್ನು ಸಹೋದ್ಯೋಗಿಯೊಬ್ಬರ ಮೇಲ್‌ನಿಂದ ಕಳುಹಿಸಬೇಕಾಯಿತು. ಇಲ್ಲೊಂದು ತೊಡಕಿದೆ. ಬೇರೊಬ್ಬರ ಖಾತೆ ತೆರೆಸಲು ಸಂಚು ಹೂಡುವವರು ಬರೆಯುವುದೂ ಹೀಗೆಯೇ: ಬೇರೆ ವಿಳಾಸದಿಂದ, ತುರ್ತಿನ ಹೆಸರು ಹೇಳಿ. ಹಾಗಾಗಿ ತುರ್ತನ್ನು ಒತ್ತಿ ಹೇಳಿದಷ್ಟೂ ಒಳ್ಳೆಯ ತಂತ್ರಜ್ಞರು ಹೆಚ್ಚು ಎಚ್ಚರ ವಹಿಸುತ್ತಾರೆ, ವಹಿಸಲೂಬೇಕು. ನನ್ನ ಗುರುತನ್ನು ಅವರೇ ಪರಿಶೀಲಿಸಿಕೊಳ್ಳುವ ದಾರಿಯನ್ನು ಪತ್ರದಲ್ಲೇ ತೋರಿಸಿದೆ. ಹೆಸರು, ಸಂಖ್ಯೆಗಳನ್ನು ಬಿಟ್ಟು ಪತ್ರ ಹೀಗಿತ್ತು:

> ವಿಷಯ: ಖಾತೆ ಲಾಕ್ ಆಗಿದೆ – ಇಂದು ಮಧ್ಯಾಹ್ನ 3 ಗಂಟೆಯೊಳಗೆ ಅನ್‌ಲಾಕ್ ಮಾಡಿಕೊಡಲು ಕೋರಿಕೆ
>
> ಮಾನ್ಯರೇ,
>
> ನನ್ನ ಬಳಕೆದಾರ ಹೆಸರು, ಉದ್ಯೋಗಿ ಸಂಖ್ಯೆ ಮತ್ತು ಲ್ಯಾಪ್‌ಟಾಪ್‌ನ ಹೆಸರನ್ನು ಕೆಳಗೆ ಕೊಟ್ಟಿದ್ದೇನೆ. ಇಂದು ಮಧ್ಯಾಹ್ನ 1.40ಕ್ಕೆ ಲಾಗಿನ್ ಮಾಡುವಾಗ ಖಾತೆ ಲಾಕ್ ಆಗಿದೆ ಎಂಬ ಸಂದೇಶ ಬಂದಿದ್ದು, ಅದರ ಫೋಟೊ ಲಗತ್ತಿಸಿದ್ದೇನೆ. ನಾನು ಕಚೇರಿಯ ನೆಟ್‌ವರ್ಕ್‌ನಲ್ಲಿಯೇ ಇದ್ದೇನೆ.
>
> ನಿನ್ನೆ ಸಂಜೆ ಪಾಸ್‌ವರ್ಡ್ ಬದಲಿಸಿದ್ದು, ಇಂದು ಬೆಳಿಗ್ಗೆ ಹೊಸ ಪಾಸ್‌ವರ್ಡ್‌ನಿಂದಲೇ ಲಾಗಿನ್ ಆಗಿದ್ದೆ. ಇದೇ ಖಾತೆ ನನ್ನ ಫೋನಿನ ಮೇಲ್ ಆ್ಯಪ್‌ನಲ್ಲಿಯೂ ಮೀಟಿಂಗ್ ಕೋಣೆಯ ಟ್ಯಾಬ್ಲೆಟ್‌ನಲ್ಲಿಯೂ ಇದೆ. ಪಾಸ್‌ವರ್ಡ್ ನನಗೆ ನೆನಪಿದೆ; ಆದ್ದರಿಂದ ರೀಸೆಟ್ ಮಾಡದೆ ಅನ್‌ಲಾಕ್ ಮಾತ್ರ ಮಾಡಿಕೊಡಬೇಕೆಂದು ಕೋರುತ್ತೇನೆ.
>
> ಸಂಜೆ 4 ಗಂಟೆಗೆ ಗ್ರಾಹಕರಿಗೆ ತಲುಪಬೇಕಾದ ಕಡತವು ನನ್ನ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಇದೆ. ಗುರುತಿನ ಪರಿಶೀಲನೆಗಾಗಿ ಕಂಪನಿಯ ದಾಖಲೆಯಲ್ಲಿರುವ ನನ್ನ ಮೊಬೈಲ್ ಸಂಖ್ಯೆಗೆ ಕರೆ ಮಾಡಬಹುದು. ನನ್ನ ಮ್ಯಾನೇಜರ್ ಅವರಿಗೂ ಈ ಪತ್ರದ ಪ್ರತಿ ಕಳುಹಿಸಿದ್ದೇನೆ.

ಕರೆ ಮಾಡಬೇಕಾದ ಸಂಖ್ಯೆಯನ್ನು ನಾನೇ ಬರೆಯದೆ ದಾಖಲೆಯಲ್ಲಿರುವ ಸಂಖ್ಯೆಗೆ ಕರೆ ಮಾಡಿ ಎಂದದ್ದು ಬೇಕೆಂದೇ, ಏಕೆಂದರೆ ಪತ್ರದಲ್ಲಿ ಕೊಟ್ಟ ಸಂಖ್ಯೆಯಿಂದ ಯಾರ ಗುರುತೂ ಸಾಬೀತಾಗುವುದಿಲ್ಲ. ಪಾಸ್‌ವರ್ಡ್ ಅಥವಾ ಒಟಿಪಿಯನ್ನು ಪತ್ರದಲ್ಲಿ ಬರೆಯುವ ಪ್ರಶ್ನೆಯೇ ಇಲ್ಲ. ಅನ್‌ಲಾಕ್ ಮಾಡುವವರಿಗೆ ಅವು ಬೇಕಾಗಿಯೂ ಇಲ್ಲ. ಲ್ಯಾಪ್‌ಟಾಪ್‌ನ ಹೆಸರು ಗೊತ್ತಿಲ್ಲದವರು ಲಾಗಿನ್ ಪರದೆಯಲ್ಲಿ `Other user` ಆಯ್ಕೆ ಮಾಡಿ, ಬಳಕೆದಾರ ಹೆಸರಿನ ಜಾಗದಲ್ಲಿ `.\` ಎಂದು ಟೈಪ್ ಮಾಡಿದರೆ ಅದು ಕೆಳಗೆ ಕಾಣಿಸುತ್ತದೆ.

ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದದ್ದು ಪಾಸ್‌ವರ್ಡ್ ಬದಲಿಸಿದ ದಿನ ಮತ್ತು ಖಾತೆಯಿರುವ ಇತರ ಸಾಧನಗಳ ವಿವರ. ತಪ್ಪು ಪಾಸ್‌ವರ್ಡ್ ಪದೇ ಪದೇ ಬಂದಾಗ ಖಾತೆ ಲಾಕ್ ಆಗುತ್ತದೆ. ಆ ಗಳಿಗೆಯಲ್ಲಿ, ಕಂಪನಿಯ ಲಾಗಿನ್‌ಗಳನ್ನು ಪರಿಶೀಲಿಸುವ ಸರ್ವರ್ ಆದ ಡೊಮೈನ್ ಕಂಟ್ರೋಲರ್‌ನ ಭದ್ರತಾ ಲಾಗ್‌ನಲ್ಲಿ 4740 ಸಂಖ್ಯೆಯ ನಮೂದು ದಾಖಲಾಗುತ್ತದೆ, ಮತ್ತು ತಪ್ಪು ಪಾಸ್‌ವರ್ಡ್ ಯಾವ ಕಂಪ್ಯೂಟರ್‌ನಿಂದ ಬಂತೆಂಬುದು ಅದರಲ್ಲಿ ಇರುತ್ತದೆ. ಪರಿಶೀಲನೆಯ ಕರೆ ಮುಗಿಸಿದ ತಂತ್ರಜ್ಞರು ಅದನ್ನು ನೋಡಿದಾಗ ಅಲ್ಲಿದ್ದದ್ದು ನನ್ನ ಲ್ಯಾಪ್‌ಟಾಪ್‌ನ ಹೆಸರಲ್ಲ, ಕಂಪನಿಯ ಮೇಲ್ ಸರ್ವರ್‌ನ ಹೆಸರು. ಫೋನ್ ಅಥವಾ ಟ್ಯಾಬ್ಲೆಟ್ ಹಳೆಯ ಪಾಸ್‌ವರ್ಡ್ ಹಿಡಿದು ಮೇಲ್ ಕೇಳುತ್ತಿದ್ದರೆ ಹೀಗೆ ನಡುವಿನ ಸರ್ವರ್‌ನ ಹೆಸರೇ ದಾಖಲಾಗಿಬಿಡುವುದುಂಟು. ಪತ್ರದಲ್ಲಿ ಎರಡೂ ಸಾಧನಗಳ ಹೆಸರಿದ್ದುದರಿಂದ ಅವರು ಮೊದಲು ಕೇಳಿದ್ದು, "ಟ್ಯಾಬ್ಲೆಟ್‌ನಲ್ಲಿ ಹೊಸ ಪಾಸ್‌ವರ್ಡ್ ಹಾಕಿದ್ದೀರಾ?" ಎಂದು. ಫೋನಿನಲ್ಲಿ ಹಾಕಿದ್ದೆ, ಟ್ಯಾಬ್ಲೆಟ್ ಆ ದಿನ ಮಧ್ಯಾಹ್ನದವರೆಗೂ ಆಫ್ ಆಗಿತ್ತು.

ಅವರ ಸೂಚನೆಯಂತೆ ಮೊದಲು ಟ್ಯಾಬ್ಲೆಟ್‌ನಿಂದ ನನ್ನ ಖಾತೆಯನ್ನು ತೆಗೆದುಹಾಕಿದೆ. ಅನ್‌ಲಾಕ್ ಮಾಡಿದ್ದು ಆಮೇಲೆ. ಈ ಕ್ರಮ ತಿರುವುಮುರುವಾಗಿದ್ದರೆ ಟ್ಯಾಬ್ಲೆಟ್ ಹಳೆಯ ಪಾಸ್‌ವರ್ಡನ್ನೇ ಕಳುಹಿಸುತ್ತ ಕೆಲವೇ ನಿಮಿಷಗಳಲ್ಲಿ ಖಾತೆಯನ್ನು ಮತ್ತೆ ಲಾಕ್ ಮಾಡಿಸುತ್ತಿತ್ತು. ರೀಸೆಟ್ ಮಾಡಿದ್ದರೆ, ಅಲ್ಲಿಯವರೆಗೆ ಸರಿಯಾಗಿದ್ದ ಫೋನಿನ ಪಾಸ್‌ವರ್ಡ್ ಕೂಡ ಹಳೆಯದಾಗಿ, ತೊಂದರೆ ಕೊಡುವ ಸಾಧನಗಳು ಎರಡಾಗುತ್ತಿದ್ದವು. ಮನೆಯಿಂದ ಕೆಲಸ ಮಾಡುವವರಿಗೆ ರೀಸೆಟ್ ಇನ್ನೂ ತೊಡಕಿನದು: ಕಂಪನಿಯ ನೆಟ್‌ವರ್ಕ್ ಅಥವಾ ವಿಪಿಎನ್ ಸಂಪರ್ಕ ಸಿಗುವವರೆಗೆ ಲ್ಯಾಪ್‌ಟಾಪ್‌ಗೆ ಹೊಸ ಪಾಸ್‌ವರ್ಡ್ ಗೊತ್ತೇ ಇರುವುದಿಲ್ಲ.

ಕಡತ ಸಮಯಕ್ಕೆ ಸರಿಯಾಗಿ ಹೋಯಿತು. ಟಿಕೆಟ್ ಅನ್ನು ಮಾತ್ರ ಅಂದೇ ಮುಚ್ಚಬೇಡಿ ಎಂದು ಕೇಳಿಕೊಂಡೆ. ಮರುದಿನ ಸಂಜೆಯವರೆಗೆ ಹೊಸ 4740 ನಮೂದು ಕಾಣಿಸದಿದ್ದಾಗ ಅವರೇ ಅದನ್ನು ಮುಚ್ಚಿದರು.