ಏಳು ವಾರ ಮನೆಗೆ ಬೀಗ: ವಾಷಿಂಗ್ ಮಷೀನು, ಡಿಶ್‌ವಾಷರಿಗೆ ನಾನು ಮಾಡಿದ್ದು

ಹೋದ ಸಲ ಮಗಳ ಮನೆಗೆ ಅಂತ ಒಂದೂವರೆ ತಿಂಗಳು ಪುಣೆಗೆ ಹೋದಾಗ ಎರಡೂ ಮಷೀನಿನ ಸ್ವಿಚ್ ಆಫ್ ಮಾಡಿ, ಬಾಗಿಲು ಗಟ್ಟಿಯಾಗಿ ಮುಚ್ಚಿ ಹೋಗಿದ್ದೆ, ಧೂಳು ಹೋಗಬಾರದು ಅಂತ. ವಾಪಸ್ ಬಂದು ವಾಷಿಂಗ್ ಮಷೀನ್ ತೆಗೆದ್ರೆ ಒದ್ದೆ ಗೋಣಿಚೀಲದ ವಾಸನೆ, ಬಾಗಿಲ ರಬ್ಬರ್ ಮಡಿಕೆಯೊಳಗೆಲ್ಲಾ ಕಪ್ಪು ಚುಕ್ಕೆ. ಡಿಶ್‌ವಾಷರ್ ಅಂತೂ ಕೇಳಲೇಬೇಡಿ, ಫಿಲ್ಟರ್ ಎತ್ತಿದ್ರೆ ಕೆಳಗಿನ ನೀರಿನ ಮೇಲೆ ಬಿಳಿ ಬೂಷ್ಟು ಕಟ್ಟಿತ್ತು. ವಾಸನೆ ನಾಲ್ಕೈದು ವಾಷಿಗೆ ಹೋಯ್ತು, ರಬ್ಬರ್ ಒಳಕ್ಕೆ ಇಳಿದ ಕಪ್ಪು ಕಲೆ ಮಾತ್ರ ಇವತ್ತಿಗೂ ಹಾಗೇ ಇದೆ.

ಈ ಸಲ ಬಾಣಂತನ, ಏಳು ವಾರ, ಅದೂ ಮಳೆಗಾಲ. ನಮ್ಮನೆಯವರು "ಎಂಸಿಬಿ ಇಳಿಸಿದ್ರೆ ಮುಗೀತಲ್ವೇನೇ" ಅಂದ್ರು. ಕರೆಂಟ್ ಕಥೆ ಅದರಿಂದ ಮುಗಿಯುತ್ತೆ, ಒಳಗೆ ನಿಂತ ನೀರಿನ ಕಥೆ ಮುಗಿಯಲ್ಲ. ಮಷೀನು ಕೆಲಸ ಮುಗಿಸಿ ನೀರೆಲ್ಲಾ ಹೊರಗೆ ಹಾಕಿದೆ ಅಂತ ನಮಗೆ ಅನ್ಸುತ್ತೆ, ಆದರೆ ಫ್ರಂಟ್ ಲೋಡ್‌ನಲ್ಲಿ ಪಂಪ್ ಹತ್ರ, ಪೈಪಿನ ತಗ್ಗಲ್ಲಿ, ರಬ್ಬರ್ ಮಡಿಕೆಯಲ್ಲಿ ಯಾವಾಗಲೂ ಸ್ವಲ್ಪ ನೀರು ಉಳಿದೇ ಇರುತ್ತೆ. ದಿನಾ ಓಡಿಸ್ತಾ ಇದ್ರೆ ಅದು ಬದಲಾಗ್ತಾ ಇರೋದ್ರಿಂದ ಗೊತ್ತಾಗಲ್ಲ ಅಷ್ಟೇ.

ಹೊರಡೋಕೆ ಮೂರು ದಿನ ಮುಂಚೆ ಕೊನೇ ಬಟ್ಟೆ ಒಗೆದು ಮುಗಿಸಿದೆ. ಹೊರಡೋ ಬೆಳಿಗ್ಗೆ ಬೆಡ್‌ಶೀಟ್ ಒಗೆಯೋ ಆಸೆ ಬರುತ್ತೆ, ಬೇಡ, ಮಷೀನ್ ಒಣಗೋಕೆ ಟೈಮ್ ಸಿಗಲ್ಲ. ಆಮೇಲೆ ಖಾಲಿ ಡ್ರಮ್ಮಿಗೆ ಡ್ರಮ್ ಕ್ಲೀನ್ ಪೌಡರ್ ಹಾಕಿ ಬಿಸಿನೀರಿನ ಪ್ರೋಗ್ರಾಮ್ ಓಡಿಸಿದೆ. ನಮ್ಮದು ಬೋರ್‌ವೆಲ್ ನೀರು, ಬಿಳಿ ಉಪ್ಪು ಕಟ್ಟೋದು ಜಾಸ್ತಿ, ಅದಕ್ಕೆ ಕೆಲವರು ಸಿಟ್ರಿಕ್ ಆಸಿಡ್ ಹಾಕ್ತಾರೆ, ತಪ್ಪಿಲ್ಲ, ಆದರೆ ಅದೇ ಸಲಕ್ಕೆ ಬ್ಲೀಚ್ ಮಾತ್ರ ಹಾಕಬೇಡಿ, ಎರಡೂ ಸೇರಿದ್ರೆ ಕ್ಲೋರಿನ್ ಗ್ಯಾಸ್ ಬರುತ್ತೆ.

ಆಮೇಲೆ ಪ್ಲಗ್ ಕಿತ್ತು, ನೀರು ತಣ್ಣಗಾದ ಮೇಲೆ ಮುಂದೆ ಕೆಳಗಡೆ ಇರೋ ಸಣ್ಣ ಮುಚ್ಚಳ ತೆಗೆದೆ. ಅಲ್ಲಿ ಒಂದು ಸಣ್ಣ ರಬ್ಬರ್ ಪೈಪು, ಪಕ್ಕದಲ್ಲಿ ತಿರುಗಿಸೋ ಫಿಲ್ಟರ್. ಮೊದಲು ಪೈಪಿನ ಬಿರಡೆ ತೆಗೆದು ನೀರನ್ನ ತಟ್ಟೆಗೆ ಬಿಡಬೇಕು, ನೇರವಾಗಿ ಫಿಲ್ಟರ್ ತಿರುಗಿಸಿದ್ರೆ ನೆಲವೆಲ್ಲಾ ನೀರು. ನನಗೆ ಎರಡು ಊಟದ ತಟ್ಟೆ ತುಂಬುವಷ್ಟು ಬಂತು, ಬೂದಿ ಬಣ್ಣದ ನೀರು, ಫಿಲ್ಟರಲ್ಲಿ ಒಂದು ಹೇರ್‌ಪಿನ್ನು, ಕೂದಲು, ಪಂಚೆಯ ನೂಲು. ತೊಳೆದು ವಾಪಸ್ ಹಾಕೋವಾಗ ಕೊನೇವರೆಗೂ ತಿರುಗಿಸಿ ಬಿಗಿ ಮಾಡಿ, ಸಡಿಲ ಇದ್ರೆ ಬಂದ ಮೇಲೆ ಮೊದಲ ವಾಷಲ್ಲೇ ಸೋರುತ್ತೆ. ಪೌಡರ್ ಹಾಕೋ ಡ್ರಾಯರ್ ಪೂರ್ತಿ ಹೊರಗೆ ಎಳೆದು ತೊಳೆದು ಒಣಗೋಕೆ ಇಟ್ಟೆ. ರಬ್ಬರ್ ಮಡಿಕೆ ಬಿಡಿಸಿ ಹಳೇ ಬನಿಯನ್ ಬಟ್ಟೆಯಲ್ಲಿ ಒರೆಸಿದೆ, ಅದರ ಕೆಳಭಾಗದಲ್ಲಿ ನೀರು ಇಳಿಯೋಕೆ ಸಣ್ಣ ತೂತುಗಳು ಇವೆ, ನಮ್ಮದರಲ್ಲಿ ಅವು ಜುಂಗಿನಿಂದ ಮುಚ್ಚಿಹೋಗಿದ್ವು, ನೀರು ಅಲ್ಲೇ ನಿಲ್ತಾ ಇದ್ದಿದ್ದು ಅದಕ್ಕೇ.

ಈಗ ನಲ್ಲಿ ವಿಷಯ. ಮಷೀನ್ ಆಫ್ ಇದ್ರೂ ನಲ್ಲಿ ತೆರೆದಿದ್ರೆ ಇನ್‌ಲೆಟ್ ಪೈಪಿನ ಮೇಲೆ ಓವರ್‌ಹೆಡ್ ಟ್ಯಾಂಕಿನ ಒತ್ತಡ ಹಗಲೂ ರಾತ್ರಿ ಇರುತ್ತೆ, ಒಳಗಿನ ವಾಲ್ವಿನಲ್ಲಿ ಒಂದು ಮರಳಿನ ಕಣ ಸಿಕ್ಕಿಕೊಂಡರೂ ಕರೆಂಟ್ ಇಲ್ಲದೇನೇ ನೀರು ತೊಟ್ಟಿಕ್ಕಿ ಡ್ರಮ್ಮಿಗೆ ತುಂಬಬಹುದು. ಹಾಗಾಗಿ ನಲ್ಲಿ ಮುಚ್ಚಿದೆ. ಮುಚ್ಚಿದ್ರೆ ಸಾಲದು, ಅದು ನಿಜವಾಗ್ಲೂ ಮುಚ್ಚುತ್ತಾ ನೋಡಬೇಕು. ಕೆಳಗೆ ಬಕೆಟ್ ಇಟ್ಟು ಪೈಪ್ ಬಿಚ್ಚಿ, ಉಳಿದ ನೀರು ಹೋದ ಮೇಲೆ ನಲ್ಲಿ ಬಾಯಿ ಒರೆಸಿ, ಕೆಳಗೆ ಒಣ ನ್ಯೂಸ್‌ಪೇಪರ್ ಹಾಸಿ ರಾತ್ರಿ ಬಿಟ್ಟೆ. ಬೆಳಿಗ್ಗೆ ಪೇಪರ್ ಮಧ್ಯದಲ್ಲಿ ಅಂಗೈ ಅಗಲ ಒದ್ದೆ! ವರ್ಷಗಳಿಂದ ತೆರೆದೇ ಇದ್ದ ನಲ್ಲಿ, ಒಳಗೆ ಉಪ್ಪು ಕಟ್ಟಿ ಪೂರ್ತಿ ಕೂರ್ತಾ ಇರಲಿಲ್ಲ. ಪ್ಲಂಬರ್ ಕರೆಸಿ ಬದಲಾಯಿಸಿದ್ದಾಯ್ತು, ಪುನಃ ಪೇಪರ್ ಹಾಸಿದೆ, ಒಣಗಿತ್ತು. ಹೊರಡೋ ಹಿಂದಿನ ದಿನ ಮಾಡಿದ್ರೆ ಪ್ಲಂಬರ್ ಎಲ್ಲಿಂದ ಸಿಗ್ತಿದ್ದ ಹೇಳಿ. ಪೈಪ್ ಬಿಚ್ಚಿದಾಗಲೇ ಮಷೀನ್ ಕಡೆಯ ಸಣ್ಣ ಜಾಲರಿ ಎಳೆದು ಹಲ್ಲುಜ್ಜೋ ಬ್ರಷ್‌ನಲ್ಲಿ ಉಜ್ಜಿದೆ.

ಡಿಶ್‌ವಾಷರ್ ಕಥೆ ಸ್ವಲ್ಪ ಬೇರೆ. ಅದರ ತಳದ ಗುಂಡಿಯಲ್ಲಿ ಸ್ವಲ್ಪ ನೀರು ನಿಲ್ಲೋದು ಸಹಜ, ಕೆಟ್ಟಿದೆ ಅಂತ ಅಲ್ಲ. ತೊಂದರೆ ಏನಂದ್ರೆ ನಮ್ಮ ಸಾರು, ಗೊಜ್ಜಿನ ಎಣ್ಣೆ, ಒಂದೆರಡು ಅಗುಳು ಅನ್ನ ಆ ನೀರಲ್ಲಿ ಕೂತಿರುತ್ತೆ. ಫಿಲ್ಟರ್ ಬಿಚ್ಚಿ ಪಾತ್ರೆ ಸೋಪಿನಲ್ಲಿ ಉಜ್ಜಿ, ವಾಪಸ್ ಕೂರಿಸಿ, ಪಾತ್ರೆ ಇಲ್ಲದೆ ಡಿಟರ್ಜೆಂಟ್ ಹಾಕಿ ಅತಿ ಬಿಸಿ ಪ್ರೋಗ್ರಾಮ್ ಓಡಿಸಿದೆ. ಬಾಗಿಲಿನ ಕೆಳ ಅಂಚು ಮರೀಬೇಡಿ, ನೀರು ಸರಿಯಾಗಿ ತಾಗದ ಜಾಗ ಅದು, ಅಲ್ಲಿ ಜಿಡ್ಡು ಕೆನೆಗಟ್ಟಿರುತ್ತೆ. ಕೊನೆಗೆ ಫಿಲ್ಟರ್ ಎತ್ತಿ ಗುಂಡಿಯ ನೀರನ್ನ ಸ್ಪಂಜಲ್ಲಿ ಹೀರಿ ತೆಗೆದೆ. ಉಪ್ಪಿನ ಡಬ್ಬಿಯಲ್ಲಿ ಉಪ್ಪುನೀರು ಇರ್ತದೆ, ಅದನ್ನ ಮುಟ್ಟೋದು ಬೇಡ. ಹೋಗೋ ಮುಂಚೆ ಉಪ್ಪು ತುಂಬಿಸಿಟ್ಟು ಹೋಗೋಣ ಅಂತ ಮಾತ್ರ ಹೋಗಬೇಡಿ, ತುಂಬಿಸುವಾಗ ಚೆಲ್ಲಿದ ಉಪ್ಪುನೀರು ವಾರಗಟ್ಟಲೆ ನಿಂತ್ರೆ ಸ್ಟೀಲಿಗೂ ತುಕ್ಕು ಹಿಡಿಯುತ್ತೆ, ಉಪ್ಪು ಹಾಕಿದ ತಕ್ಷಣ ಒಂದು ಸಲ ಓಡಿಸಲೇಬೇಕು.

ಎರಡರ ಬಾಗಿಲೂ ನಾಲ್ಕು ಬೆರಳಷ್ಟು ತೆರೆದಿಟ್ಟೆ, ತಾನೇ ಮುಚ್ಚಿಕೊಳ್ಳದ ಹಾಗೆ ಒಣ ಟವೆಲ್ ಸುತ್ತಿ ಸಂದಿಗೆ ಇಟ್ಟು, ಮೇಲೆ ಹಳೇ ತೆಳು ದುಪಟ್ಟಾ ಇಳಿಬಿಟ್ಟೆ, ಗಾಳಿ ಆಡ್ಲಿ, ಹಲ್ಲಿ ಹೋಗದೇ ಇರ್ಲಿ ಅಂತ. ಮಷೀನಿನ ನೀರು ಹೋಗೋ ನೆಲದ ಟ್ರ್ಯಾಪಿಗೆ ಒಂದು ಚೊಂಬು ನೀರು ಹಾಕಿ, ಮೇಲೆ ಎರಡು ಚಮಚ ಅಡುಗೆ ಎಣ್ಣೆ ಬಿಟ್ಟೆ. ಟ್ರ್ಯಾಪಿನ ನೀರೇ ಚರಂಡಿ ವಾಸನೆ, ಜಿರಳೆ ಮೇಲೆ ಬರದಂಗೆ ತಡೆಯೋದು, ವಾರಗಟ್ಟಲೆ ಬಿಟ್ರೆ ಅದು ಒಣಗಿಹೋಗುತ್ತೆ, ಎಣ್ಣೆ ಪದರ ಇದ್ರೆ ನಿಧಾನ ಆಗುತ್ತೆ.

ಬಂದ ಮೇಲೆ ನಲ್ಲಿಗಳನ್ನ ಮೆಲ್ಲಗೆ ತಿರುಗಿಸಿ ಹತ್ತು ನಿಮಿಷ ಜಾಯಿಂಟ್ ಮುಟ್ಟಿ ನೋಡಿದೆ. ಡಿಶ್‌ವಾಷರ್ ತಳಕ್ಕೆ ಅರ್ಧ ಲೀಟರ್ ನೀರು ಸುರಿದು ಒಂದು ಗಂಟೆ ಬಿಟ್ಟೆ, ಒಣಗಿದ ಪಂಪ್ ಸೀಲ್ ನೆನೆಯಲಿ ಅಂತ. ಆಮೇಲೆ ಖಾಲಿ ರಿನ್ಸ್. ಬರೀ ಗುಂಯ್ ಅಂತ ಸದ್ದು ಬಂದು ನೀರು ಆಡೋ ಸದ್ದು ಬರದಿದ್ರೆ ಪಂಪ್ ಅಂಟಿಕೊಂಡಿದೆ ಅಂತ, ಆಗ ತಕ್ಷಣ ನಿಲ್ಲಿಸಿ ಮೆಕ್ಯಾನಿಕ್ ಕರೀಬೇಕು. ನಮ್ಮದು ಎರಡೇ ನಿಮಿಷಕ್ಕೆ ಸರಿಯಾಗಿ ಓಡ್ತು, ವಾಷಿಂಗ್ ಮಷೀನಿನ ಒಳಗೂ ವಾಸನೆ ಇಲ್ಲ.

ಅಷ್ಟೆಲ್ಲಾ ಮಾಡಿ ಗೆಸ್ಟ್ ಬಾತ್ರೂಮಿನ ಟ್ರ್ಯಾಪಿಗೆ ಎಣ್ಣೆ ಬಿಡೋದು ಮರೆತಿದ್ದೆ. ಅಲ್ಲಿಂದ ಬಂದ ಜಿರಳೆ ಸಂಸಾರ ಎರಡು ದಿನ ಹಿಟ್ ಹೊಡೆದ ಮೇಲೆ ಖಾಲಿ ಆಯ್ತು.